ಕ್ಲೋಸ್ ಮಾಡಿದ ಕ್ರೆಡಿಟ್ ಕಾರ್ಡ್‌ಗೆ ಟಿಕೆಟ್ ರಿಫಂಡ್ ಕಳಿಸಿದ್ದಾರೆ, ಈಗ ಯಾರನ್ನು ಹಿಡಿಯಬೇಕು?

ಶಿಲ್ಪಾ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ದೆಹಲಿಗೆ ಹೋಗಿ ಬರಲಿ ಅಂತ 2025ರ ಜನವರಿಯಲ್ಲಿ ಬೆಂಗಳೂರಿನಿಂದ ವಿಮಾನದ ಟಿಕೆಟ್ ಬುಕ್ ಮಾಡಿದ್ದೆ. ಹೋಗೋದು ಬರೋದು ಸೇರಿ ₹38,640. ಪ್ರಯಾಣ ಇದ್ದದ್ದು ಮೇ ತಿಂಗಳಲ್ಲಿ. ಹಣ ಕೊಟ್ಟಿದ್ದು ನನ್ನ ಕ್ರೆಡಿಟ್ ಕಾರ್ಡ್‌ನಿಂದ.

ಮುಂದಿನ ವರ್ಷದ ಶುಲ್ಕ ಬೀಳುವ ಮೊದಲೇ ಬೇಡ ಅಂತ ಮಾರ್ಚ್‌ನಲ್ಲಿ ಆ ಕಾರ್ಡ್ ಕ್ಲೋಸ್ ಮಾಡಿಸಿದೆ. ಬಾಕಿ ಪೂರ್ತಿ ಕಟ್ಟಿದ್ದೇನೆ. ಕ್ಲೋಸ್ ಆಗಿದೆ ಅಂತ ಬ್ಯಾಂಕಿನಿಂದ ಮೇಲ್ ಕೂಡ ಬಂದಿದೆ. ಏಪ್ರಿಲ್ 14ಕ್ಕೆ ಏರ್‌ಲೈನ್‌ನವರೇ ಫ್ಲೈಟ್ ರದ್ದು ಮಾಡಿದರು. "ಪೂರ್ತಿ ಹಣ ವಾಪಸ್, ನೀವು ಪಾವತಿ ಮಾಡಿದ ಕಾರ್ಡ್‌ಗೇ ಬರುತ್ತೆ" ಅಂತ ಮೆಸೇಜ್ ಬಂತು.

ಈಗ ಜೂನ್. ಏರ್‌ಲೈನ್‌ಗೆ ಫೋನ್ ಮಾಡಿದರೆ "ನಾವು ಕಳಿಸಿ ಆಯಿತು, ಬ್ಯಾಂಕ್ ಕೇಳಿ" ಅಂತಾರೆ. ಬ್ಯಾಂಕ್‌ಗೆ ಫೋನ್ ಮಾಡಿದರೆ "ಈ ಕಾರ್ಡ್ ಕ್ಲೋಸ್ ಆಗಿದೆ ಮೇಡಂ, ನಮಗೆ ಏನೂ ಕಾಣಿಸ್ತಿಲ್ಲ, ಏರ್‌ಲೈನ್ ಕೇಳಿ" ಅಂತಾರೆ. ನನ್ನ ಹತ್ತಿರ ಆ ಬ್ಯಾಂಕಿನ ಬೇರೆ ಯಾವ ಖಾತೆಯೂ ಇಲ್ಲ. ಬೇರೆ ಖಾತೆಗೆ ಹಾಕಿಸಿಕೊಳ್ಳಲು ದಾರಿ ಇದೆಯಾ? ಈಗ ಹಣ ಯಾರ ಹತ್ತಿರ ಇದೆ ಅನ್ನೋದೇ ಗೊತ್ತಾಗುತ್ತಿಲ್ಲ.

ರಾಜು_ಹುಬ್ಳಿ

ಮೇಡಂ, ಚಿಂತೆ ಮಾಡಬೇಡಿ. ಕ್ಲೋಸ್ ಆದ ಕಾರ್ಡ್‌ಗೆ ಹೋದ ಹಣ ತಾನಾಗೇ ಏರ್‌ಲೈನ್‌ಗೆ ವಾಪಸ್ ಹೋಗುತ್ತೆ. ಅವರನ್ನೇ ಹಿಡಿಯಿರಿ, ಬೇರೆ ಖಾತೆಗೆ ಹಾಕಿ ಅನ್ನಿ. ತಡ ಮಾಡಿದರೆ ದಿನಕ್ಕೆ 100 ರೂಪಾಯಿ ದಂಡ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

ಪುತ್ತೂರು_ಭಟ್

ನನ್ನ ಡೆಬಿಟ್ ಕಾರ್ಡ್ ಅವಧಿ ಮುಗಿದಿತ್ತು. ಆಮೇಲೆ ಮಿಕ್ಸಿ ವಾಪಸ್ ಕೊಟ್ಟದ್ದಕ್ಕೆ ರಿಫಂಡ್ ಬಂತು. ಸೀದಾ ನನ್ನ ಉಳಿತಾಯ ಖಾತೆಗೇ ಬಿತ್ತು. ಯಾರನ್ನೂ ಕೇಳಬೇಕಾಗಲಿಲ್ಲ. ನಿಮಗೂ ಬರುತ್ತೆ, ಸ್ವಲ್ಪ ಕಾಯಿರಿ.

ಕಾರ್ಡ್_ವಿಭಾಗ_ನಿವೃತ್ತ

ಭಟ್ರೇ, ನಿಮ್ಮದು ಬೇರೆ, ಶಿಲ್ಪಾ ಅವರದ್ದು ಬೇರೆ. ಅವಧಿ ಮುಗಿಯೋದಕ್ಕೂ ಕ್ಲೋಸ್ ಆಗೋದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವಧಿ ಮುಗಿದರೆ ಪ್ಲಾಸ್ಟಿಕ್ ಹಳೆಯದಾಯಿತು ಅಷ್ಟೇ. ಹಿಂದಿರುವ ಖಾತೆ ಜೀವಂತ ಇರುತ್ತೆ. ಡೆಬಿಟ್ ಕಾರ್ಡ್ ಆದರೆ ಉಳಿತಾಯ ಖಾತೆ, ಕ್ರೆಡಿಟ್ ಕಾರ್ಡ್ ಆದರೆ ಕಾರ್ಡ್ ಖಾತೆ. ರಿಫಂಡ್ ಬಂದಾಗ ಬ್ಯಾಂಕ್ ಹಳೇ ನಂಬರ್ ಹಿಡಿದು ಆ ಖಾತೆಗೆ ಜಮಾ ಮಾಡುತ್ತೆ. ಕಾರ್ಡ್ ಕಳೆದುಹೋಗಿ ಹೊಸ ನಂಬರ್ ತಗೊಂಡಿದ್ದರೂ ಸಾಮಾನ್ಯವಾಗಿ ಹೀಗೇ ಆಗೋದು.

ಕ್ರೆಡಿಟ್ ಕಾರ್ಡ್ ಖಾತೆಯನ್ನೇ ಮುಚ್ಚಿದ್ದರೆ ಎರಡರಲ್ಲಿ ಒಂದು ಆಗುತ್ತೆ. ಒಂದು, ಬ್ಯಾಂಕ್ ಆ ಹಣವನ್ನು ತಗೊಂಡು ಮುಚ್ಚಿದ ಖಾತೆಯಲ್ಲೇ ಜಮಾ ಬಾಕಿ ಅಂತ ಇಟ್ಟುಕೊಂಡಿರುತ್ತೆ, ಇಲ್ಲವೇ ಲೆಕ್ಕ ತೀರದ ಹಣ ಇಡುವ ಸಂಡ್ರಿ ಖಾತೆಯಲ್ಲಿ ಹಾಕಿರುತ್ತೆ. ಮುಚ್ಚಿದ ಖಾತೆಯ ಲೆಕ್ಕ ಅಳಿಸಿ ಹೋಗಿರೋದಿಲ್ಲ, ಅದರಲ್ಲಿ ಖರ್ಚು ಮಾಡಲು ಬರೋದಿಲ್ಲ ಅಷ್ಟೇ. ಎರಡು, ಬ್ಯಾಂಕ್ ಅದನ್ನು ತಿರಸ್ಕರಿಸಿ ಏರ್‌ಲೈನ್‌ನ ಬ್ಯಾಂಕಿಗೆ ವಾಪಸ್ ಕಳಿಸಿರುತ್ತೆ. ರಾಜು ಅವರು ಹೇಳಿದ್ದು ಈ ಎರಡನೇ ದಾರಿ. ಆದರೆ ಯಾವಾಗಲೂ ಹಾಗೇ ಆಗುತ್ತೆ ಅಂತ ಹೇಳೋಕಾಗಲ್ಲ. ನಾನು ನೋಡಿದ ಮಟ್ಟಿಗೆ ಮೊದಲನೆಯದೇ ಜಾಸ್ತಿ.

ಹಾಗಾಗಿ ಬೇರೆ ಖಾತೆಗೆ ಹಾಕಿ ಅಂತ ಯಾರನ್ನೂ ಈಗಲೇ ಕೇಳಬೇಡಿ. ಮೊದಲು ಹಣ ಎಲ್ಲಿ ನಿಂತಿದೆ ಅಂತ ಗೊತ್ತಾಗಬೇಕು. ಅದಕ್ಕೆ ಏರ್‌ಲೈನ್‌ನಿಂದ ಎಆರ್‌ಎನ್ ತಗೊಳ್ಳಿ. ಅಂದರೆ ಕಾರ್ಡ್ ವ್ಯವಹಾರ ಎಲ್ಲಿದೆ ಅಂತ ಬ್ಯಾಂಕುಗಳು ಹುಡುಕಲು ಬಳಸುವ 23 ಅಂಕೆಯ ಗುರುತಿನ ಸಂಖ್ಯೆ. ಬರವಣಿಗೆಯಲ್ಲಿ ಕೇಳಿ: ಎಆರ್‌ಎನ್, ಮೊತ್ತ, ಕಳಿಸಿದ ದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕೆ. ಈ ನಾಲ್ಕೂ ಒಂದೇ ಮೇಲ್‌ನಲ್ಲಿ ಇರಬೇಕು.

ನವೀನ_ತುಮಕೂರು

ನನಗೂ ಇದೇ ಸಮಸ್ಯೆ. ಶೂ ವಾಪಸ್ ಕೊಟ್ಟು ವಾರ ಆಯ್ತು, ಹಣ ಬಂದಿಲ್ಲ. ಕಾರ್ಡ್ ಚಾಲ್ತಿಯಲ್ಲೇ ಇದೆ, ಇವತ್ತು ಕೂಡ ಪೆಟ್ರೋಲ್ ಹಾಕಿಸಿದೆ. ನಾನೂ ಎಆರ್‌ಎನ್ ಕೇಳಬೇಕಾ?

ಪುತ್ತೂರು_ಭಟ್

ನವೀನ, ನಿಮ್ಮ ಕಾರ್ಡ್ ಚಾಲ್ತಿಯಲ್ಲಿದ್ದರೆ ಇದು ಬೇರೆ ವಿಷಯ ಮಾರಾಯ್ರೇ. ಮೊದಲು ಸ್ಟೇಟ್‌ಮೆಂಟ್ ನೋಡಿ. ರಿಫಂಡ್‌ಗೆ ಎಷ್ಟೋ ಸಲ ಎಸ್‌ಎಂಎಸ್ ಬರೋದಿಲ್ಲ, ಸುಮ್ನೆ ಜಮಾ ಆಗಿರುತ್ತೆ.

ಶಿಲ್ಪಾ_ದಾವಣಗೆರೆ

ಸರ್, ತುಂಬಾ ಥ್ಯಾಂಕ್ಸ್. ಏರ್‌ಲೈನ್‌ನವರು ಮೊದಲು ಒಂದು ಚಿಕ್ಕ ಸಂಖ್ಯೆ ಕೊಟ್ಟರು, ಅಕ್ಷರ ಅಂಕೆ ಎರಡೂ ಇತ್ತು. ಇದು ಎಆರ್‌ಎನ್ ಅಲ್ಲ ಅಂತ ಪಟ್ಟು ಹಿಡಿದ ಮೇಲೆ 23 ಅಂಕೆಯದ್ದು ಮೇಲ್ ಮಾಡಿದ್ದಾರೆ. ಏಪ್ರಿಲ್ 15ಕ್ಕೆ ರಿಫಂಡ್ ಶುರು ಮಾಡಿದ್ದೇವೆ ಅಂತ ಬರೆದಿದ್ದಾರೆ. ಇಲ್ಲಿ ಆ ನಂಬರ್ ಹಾಕಬಹುದಾ?

ಕಾರ್ಡ್_ವಿಭಾಗ_ನಿವೃತ್ತ

ಪೂರ್ತಿ ಹಾಕಬೇಡಿ. ಎಡದಿಂದ 8ರಿಂದ 11ರವರೆಗಿನ ನಾಲ್ಕು ಅಂಕೆ ಮಾತ್ರ ಹೇಳಿ.

ಶಿಲ್ಪಾ_ದಾವಣಗೆರೆ

5112.

ಕಾರ್ಡ್_ವಿಭಾಗ_ನಿವೃತ್ತ

ಸರಿ. ಮೊದಲ 5 ಅಂದರೆ 2025. ಮುಂದಿನ 112 ಅಂದರೆ ವರ್ಷದ 112ನೇ ದಿನ. ಜನವರಿ 31, ಫೆಬ್ರವರಿ 28, ಮಾರ್ಚ್ 31, ಅಲ್ಲಿಗೆ 90. ಇನ್ನು 22 ಸೇರಿಸಿದರೆ ಏಪ್ರಿಲ್ 22. ಏರ್‌ಲೈನ್ 15ಕ್ಕೆ ತನ್ನ ಸಿಸ್ಟಂನಲ್ಲಿ ಒತ್ತಿರಬಹುದು, ಆದರೆ ಅವರ ಬ್ಯಾಂಕ್ ಕಳಿಸಿದ್ದು 22ಕ್ಕೆ. ನಿಮ್ಮ ಬ್ಯಾಂಕಿನವರು 15ರ ಆಸುಪಾಸಿನಲ್ಲಿ ಹುಡುಕಿ ಏನೂ ಇಲ್ಲ ಅಂದಿರಲೂಬಹುದು. 22ರಿಂದ ಮುಂದಿನ ಒಂದು ವಾರ ನೋಡಿ ಅಂತ ಹೇಳಿ.

ಇನ್ನೊಂದು ಮಾತು. ಕಸ್ಟಮರ್ ಕೇರ್‌ನಲ್ಲಿ ಕೂತವರು ಚಾಲ್ತಿಯಲ್ಲಿರುವ ಕಾರ್ಡ್‌ಗಳನ್ನು ನೋಡಿ ಮಾತಾಡುತ್ತಾರೆ. ಕ್ಲೋಸ್ ಆದ ಖಾತೆಯ ವಿವರ ಅವರ ಪರದೆಗೆ ಬಾರದೇ ಇರಬಹುದು. ಅವರ ಜೊತೆ ಜಗಳ ಬೇಡ. ಬ್ಯಾಂಕಿನ ವೆಬ್‌ಸೈಟಿನಲ್ಲಿ ದೂರು ಪರಿಹಾರ ಅಂತ ಇರುತ್ತೆ, ಅಲ್ಲಿ ನೋಡಲ್ ಅಧಿಕಾರಿಯ ಮೇಲ್ ಸಿಗುತ್ತೆ. ಅಲ್ಲಿಗೆ ಬರೆಯಿರಿ. ರಿಫಂಡ್ ಎಲ್ಲಿ ಅಂತ ಕೇಳಬೇಡಿ, ಹಾಗೆ ಕೇಳಿದರೆ ಏರ್‌ಲೈನ್ ಕೇಳಿ ಅಂತಲೇ ಉತ್ತರ ಬರೋದು. ಹೀಗೆ ಕೇಳಿ: ಈ ಎಆರ್‌ಎನ್‌ನ ₹38,640 ನಿಮಗೆ ಬಂದಿದೆಯೇ, ಇಲ್ಲವೇ? ಬಂದಿದ್ದರೆ ಈಗ ಯಾವ ಖಾತೆಯಲ್ಲಿದೆ? ತಿರಸ್ಕರಿಸಿದ್ದರೆ ಯಾವ ದಿನ ವಾಪಸ್ ಕಳಿಸಿದಿರಿ, ಅದನ್ನು ಬರೆದು ಕೊಡಿ.

ಬಂದಿದೆ ಅಂದರೆ ನಿಮ್ಮ ಬೇರೆ ಬ್ಯಾಂಕಿನ ಖಾತೆಗೆ ನೆಫ್ಟ್ ಮಾಡಿಸಿಕೊಳ್ಳಬಹುದು. ಆರ್‌ಬಿಐ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನದಲ್ಲಿ ಇದು ಸ್ಪಷ್ಟವಾಗಿದೆ. ಕಾರ್ಡ್ ಮುಚ್ಚಿದ ಮೇಲೆ ಉಳಿದ ಜಮಾ ಹಣವನ್ನು ಗ್ರಾಹಕರ ಬ್ಯಾಂಕ್ ಖಾತೆಗೆ ಹಾಕಬೇಕು, ಖಾತೆಯ ವಿವರ ಇಲ್ಲದಿದ್ದರೆ ಬ್ಯಾಂಕೇ ಕೇಳಿ ಪಡೆಯಬೇಕು. ಕಾರ್ಡ್ ಖಾತೆಯಲ್ಲಿರುವ ಜಮಾ ಹಣವನ್ನು ಕೊಡಿ ಅಂತ ಗ್ರಾಹಕರು ಕೇಳಿದರೆ ಮೂರು ಕೆಲಸದ ದಿನದೊಳಗೆ ಕೊಡಬೇಕು ಅಂತಲೂ ಇದೆ. ನಿಮ್ಮ ಹೆಸರು ಅಚ್ಚಾಗಿರುವ ಕ್ಯಾನ್ಸಲ್ ಮಾಡಿದ ಚೆಕ್ ಜೊತೆಗಿಡಿ.

ರಾಜು_ಹುಬ್ಳಿ

ಎಲ್ಲ ಸರಿ ಸರ್. ಆದರೆ ದಿನಕ್ಕೆ 100 ರೂಪಾಯಿ ವಿಷಯ ಯಾಕೆ ಬಿಟ್ಟಿರಿ? ಏಪ್ರಿಲ್‌ನಿಂದ ಲೆಕ್ಕ ಹಾಕಿದರೆ ಒಳ್ಳೇ ಮೊತ್ತ ಆಗುತ್ತೆ.

ಕಾರ್ಡ್_ವಿಭಾಗ_ನಿವೃತ್ತ

ರಾಜು ಅವರೇ, ಅದು 2019ರ ಸೆಪ್ಟೆಂಬರ್ ಸುತ್ತೋಲೆ. ವಿಫಲವಾದ ವ್ಯವಹಾರಕ್ಕೆ ಮಾತ್ರ. ನಿಮ್ಮ ಖಾತೆಯಿಂದ ಹಣ ಕಟ್ ಆಯ್ತು, ಅಂಗಡಿಯವರಿಗೆ ಪಾವತಿ ಆಯ್ತು ಅಂತ ಗೊತ್ತಾಗಲಿಲ್ಲ, ಅಂಥ ಹಣ ಐದು ದಿನದಲ್ಲಿ ವಾಪಸ್ ಬರದಿದ್ದರೆ ಆರನೇ ದಿನದಿಂದ ಆ 100. ಶಿಲ್ಪಾ ಅವರ ಟಿಕೆಟ್ ವ್ಯವಹಾರ ಜನವರಿಯಲ್ಲೇ ಸರಿಯಾಗಿ ಮುಗಿದಿದೆ. ರಿಫಂಡ್ ಬೇರೆಯದೇ ವ್ಯವಹಾರ.

ರಾಜು_ಹುಬ್ಳಿ

ರಿಫಂಡ್ ಕಳಿಸಿದ್ದು ಮುಟ್ಟಲಿಲ್ಲ ಅಂದರೆ ಅದೂ ವಿಫಲವಾದ ವ್ಯವಹಾರವೇ ಅಲ್ವಾ? ನಾನು ಇದನ್ನು ಒಪ್ಪೋದಿಲ್ಲ. ಇನ್ನೊಂದು ನಿಯಮದಲ್ಲಿ ದಿನಕ್ಕೆ 500 ಅಂತಲೂ ಓದಿದ್ದೇನೆ.

ಕಾರ್ಡ್_ವಿಭಾಗ_ನಿವೃತ್ತ

500 ಇರೋದು ಕಾರ್ಡ್ ಕ್ಲೋಸ್ ಮಾಡಲು ತಡ ಮಾಡಿದರೆ. ಬಾಕಿ ಇಲ್ಲದವರು ಕೇಳಿದ ಮೇಲೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ಇಲ್ಲಿ ಕಾರ್ಡ್ ಆಗಲೇ ಕ್ಲೋಸ್ ಆಗಿದೆ. ತಡವಾಗಿದ್ದಕ್ಕೆ ಪರಿಹಾರ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಈ ಎರಡು ನಿಯಮ ತೋರಿಸಿ ಕೇಳಿದರೆ ಅನ್ವಯಿಸುವುದಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅಸಲು ವಿಷಯವೂ ಅದರ ಜೊತೆ ಮುಳುಗುತ್ತೆ.

ಇಳಕಲ್_ಸೀರೆ_ಅಂಗಡಿ

ಮಾರುವವರ ಕಡೆಯಿಂದ ಒಂದು ಮಾತು. ನಾವು ಆನ್‌ಲೈನ್‌ನಲ್ಲಿ ಸೀರೆ ಮಾರುತ್ತೇವೆ. ರಿಫಂಡ್ ಒತ್ತಿದಾಗ ಪೇಮೆಂಟ್ ಗೇಟ್‌ವೇಯಲ್ಲಿ ನಮಗೆ `processed` ಅಂತ ಕಾಣುತ್ತೆ. ಅದರ ಅರ್ಥ ಗ್ರಾಹಕರಿಗೆ ಮುಟ್ಟಿದೆ ಅಂತಲ್ಲ. ನಮ್ಮ ಕಡೆಯಿಂದ ಹೊರಟಿದೆ ಅಂತ. ಗ್ರಾಹಕರ ಪೂರ್ತಿ ಕಾರ್ಡ್ ನಂಬರ್ ನಮ್ಮ ಹತ್ತಿರ ಇರೋದೂ ಇಲ್ಲ. 2022ರ ಅಕ್ಟೋಬರ್‌ನಿಂದ ಅಂಗಡಿಯವರು ಕಾರ್ಡ್ ವಿವರ ಇಟ್ಟುಕೊಳ್ಳುವ ಹಾಗಿಲ್ಲ. ಕಾರ್ಡ್ ಕ್ಲೋಸ್ ಆಗಿದೆಯೋ ಇಲ್ಲವೋ ಅಂತ ನಮಗೆ ಗೊತ್ತಾಗುವ ದಾರಿಯೇ ಇಲ್ಲ.

ಕೆಲವು ಸಲ ವಾರಗಳ ನಂತರ ಆ ಹಣ ನಮ್ಮ ಲೆಕ್ಕಕ್ಕೆ ಮರಳಿ ಬಂದಿರುತ್ತೆ. ಆ ದಿನದ ಬೇರೆ ವ್ಯಾಪಾರದ ಹಣದ ಜೊತೆ ಸೇರಿಕೊಂಡು ಬರೋದರಿಂದ ಹುಡುಕದಿದ್ದರೆ ಕಾಣೋದೇ ಇಲ್ಲ. ಬೆಳಗಾವಿಯ ಒಬ್ಬ ಅಕ್ಕ ತಮ್ಮ ಬ್ಯಾಂಕ್ ಕೊಟ್ಟ ಪತ್ರ ಕಳಿಸಿದರು. ಇಂಥ ದಿನ ತಿರಸ್ಕರಿಸಿದ್ದೇವೆ ಅಂತ ಅದರಲ್ಲಿತ್ತು. ಆ ದಿನಾಂಕ ಹಿಡಿದು ನೋಡಿದಾಗ ₹6,200 ನಮ್ಮಲ್ಲೇ ಇತ್ತು. ಅವತ್ತೇ ಅವರ ಖಾತೆಗೆ ಹಾಕಿದೆವು. ದಿನಾಂಕ ಇಲ್ಲದಿದ್ದರೆ ಹುಡುಕೋದು ಕಷ್ಟ ಇತ್ತು.

ರಾತ್ರಿಪಾಳಿ

ಅಣ್ಣಾ, ಹಾಗಾದರೆ ಪತ್ರ ಇಲ್ಲದೆಯೂ ನೆಫ್ಟ್ ಮಾಡಿಬಿಡಬಹುದಲ್ಲ? ಗ್ರಾಹಕರು ಸುಳ್ಳು ಹೇಳುತ್ತಾರಾ?

ಇಳಕಲ್_ಸೀರೆ_ಅಂಗಡಿ

ಎಲ್ಲರೂ ಅಲ್ಲ. ಆದರೆ ನಾವು ಇಲ್ಲಿಂದ ಹಾಕಿದ ಮೇಲೆ ಅಲ್ಲಿ ಬ್ಯಾಂಕೂ ಜಮಾ ಮಾಡಿದರೆ ಎರಡು ಸಲ ಕೊಟ್ಟ ಹಾಗಾಯಿತು. ಇನ್ನೊಂದು ಭಯವೂ ಇದೆ. ಕದ್ದ ಕಾರ್ಡ್‌ನಲ್ಲಿ ಕೊಂಡು, ವಾಪಸ್ ಕೊಟ್ಟು, ಬೇರೆ ಖಾತೆಗೆ ಹಣ ಹಾಕಿ ಅನ್ನುವವರೂ ಇರುತ್ತಾರೆ. ಅದಕ್ಕೇ ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಅನ್ನೋ ನಿಯಮ. ಅಂಗಡಿಗಳ ಪರವಾಗಿ ಹಣ ಪಡೆದು ಕೊಡುವ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಆರ್‌ಬಿಐ 2020ರ ಮಾರ್ಚ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಹಾಗೇ ಇದೆ. ಜೊತೆಗೆ, ಗ್ರಾಹಕರು ಒಪ್ಪಿದರೆ ಬೇರೆ ದಾರಿಯಲ್ಲಿ ಕೊಡಬಹುದು ಅಂತಲೂ ಇದೆ. ಬೇರೆ ಖಾತೆಗೆ ಹಾಕಲು ನಿಯಮವೇ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಹಣ ಮರಳಿ ಬಂದಿದ್ದು ಖಚಿತ ಆಗಬೇಕು, ಖಾತೆ ಅದೇ ವ್ಯಕ್ತಿಯ ಹೆಸರಲ್ಲಿ ಇರಬೇಕು, ಅಷ್ಟೇ.

ತೀರ್ಥಹಳ್ಳಿ_ಮಳೆ

ಇಷ್ಟೆಲ್ಲ ಯಾಕೆ? ಏರ್‌ಲೈನ್‌ನಲ್ಲಿ ಕ್ರೆಡಿಟ್ ಶೆಲ್ ತಗೊಂಡುಬಿಡಿ, ಹಣ ಅವರಲ್ಲೇ ನಿಮ್ಮ ಹೆಸರಲ್ಲಿ ಜಮಾ ಇರುತ್ತೆ. ಮುಂದಿನ ಸಲ ಟಿಕೆಟ್ ಮಾಡೋವಾಗ ಬಳಸಿ. ನಾನು ಹಾಗೇ ಮಾಡಿದ್ದೆ, ತಲೆನೋವು ಇರಲಿಲ್ಲ.

ರಾಜು_ಹುಬ್ಳಿ

ಅದೇ ತಪ್ಪು ಸಲಹೆ ರೀ. ಶೆಲ್‌ಗೆ ಅವಧಿ ಇರುತ್ತೆ. ಅವರಿಗೆ ಬೇಕಾದ ದಿನಕ್ಕೆ ಬೇರೆ ಏರ್‌ಲೈನ್‌ನಲ್ಲಿ ಕಡಿಮೆ ದರ ಇದ್ದರೆ? ನಮ್ಮ ಹಣ ನಮ್ಮ ಕೈಗೇ ಬರಬೇಕು. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ನಿಯಮದಲ್ಲೂ ಕ್ರೆಡಿಟ್ ಶೆಲ್ ಪ್ರಯಾಣಿಕರ ಇಷ್ಟ, ಏರ್‌ಲೈನ್ ತಾನಾಗಿ ಹಾಕುವ ಹಾಗಿಲ್ಲ ಅಂತ ಇದೆ.

ಕಾರ್ಡ್_ವಿಭಾಗ_ನಿವೃತ್ತ

ಇದರಲ್ಲಿ ರಾಜು ಅವರು ಹೇಳಿದ್ದು ಸರಿ. ಅದಲ್ಲದೆ ಶಿಲ್ಪಾ ಅವರ ಹಣ ಏರ್‌ಲೈನ್‌ನಿಂದ ಹೊರಟಾಗಿದೆ. ಈಗ ಶೆಲ್ ಕೇಳಿದರೆ ಅವರೂ ಕೊಡೋದಿಲ್ಲ, ಕೊಟ್ಟರೆ ಲೆಕ್ಕ ಇನ್ನೂ ಗೋಜಲಾಗುತ್ತೆ.

ತೀರ್ಥಹಳ್ಳಿ_ಮಳೆ

ಸರಿ, ಒಪ್ಪಿದೆ. ನಾನು ತಗೊಂಡಾಗ ರಿಫಂಡ್ ಕಳಿಸುವ ಮೊದಲೇ ಕೇಳಿದ್ದರು. ಹಾಗೆ ಮೊದಲೇ ಕೇಳಿದರೆ, ಬೇಗ ಪ್ರಯಾಣ ಇದ್ದವರಿಗೆ ಶೆಲ್ ಅನುಕೂಲ ಅಂತ ಈಗಲೂ ಹೇಳುತ್ತೇನೆ.

ಸವಿತಾ_ಮಿಲ್ಪಿಟಾಸ್

ಇಲ್ಲಿ ಅಮೆರಿಕದಲ್ಲೂ ಇದೇ ಗೋಳು. ಊರಿಗೆ ವಾಪಸ್ ಹೋಗುವವರು ಕಾರ್ಡ್ ಎಲ್ಲ ಕ್ಲೋಸ್ ಮಾಡಿ ಹೊರಡುತ್ತಾರೆ, ಆಮೇಲೆ ಯಾವುದೋ ರಿಫಂಡ್ ಬರುತ್ತೆ. ಕಾರ್ಡ್ ಖಾತೆಯಲ್ಲಿ ಒಂದು ಡಾಲರ್‌ಗಿಂತ ಜಾಸ್ತಿ ಜಮಾ ಇದ್ದು, ನಾವು ಬರೆದು ಕೇಳಿದರೆ ಏಳು ಕೆಲಸದ ದಿನದಲ್ಲಿ ಬ್ಯಾಂಕ್ ವಾಪಸ್ ಕೊಡಬೇಕು ಅಂತ ಇಲ್ಲಿನ ಕಾನೂನು. ತೊಂದರೆ ಏನೆಂದರೆ ಕಾಗದದ ಚೆಕ್ ಅನ್ನು ಹಳೇ ವಿಳಾಸಕ್ಕೆ ಕಳಿಸಿಬಿಡುತ್ತಾರೆ. ನನ್ನ ತಮ್ಮನ ಚೆಕ್ ಅವನು ಬಿಟ್ಟುಹೋದ ಅಪಾರ್ಟ್‌ಮೆಂಟ್‌ಗೆ ಬಂದಿತ್ತು. ಬೆಂಗಳೂರಿನಲ್ಲಿ ಆ ಡಾಲರ್ ಚೆಕ್ ತಗೊಳ್ಳುವ ಬ್ಯಾಂಕ್ ಹುಡುಕೋದೇ ದೊಡ್ಡ ಕೆಲಸ. ವಾಪಸ್ ಹೋಗುವವರು ಒಂದು ಉಳಿತಾಯ ಖಾತೆಯನ್ನಾದರೂ ಕೆಲವು ತಿಂಗಳು ಇಲ್ಲಿ ಉಳಿಸಿಕೊಂಡರೆ ಒಳ್ಳೆಯದು. ಚೆಕ್ ಬದಲು ಆ ಖಾತೆಗೇ ಹಾಕಿ ಅಂತ ಕೇಳಬಹುದು.

ಶಿಲ್ಪಾ_ದಾವಣಗೆರೆ

ನೋಡಲ್ ಅಧಿಕಾರಿಗೆ ಮೇಲ್ ಹಾಕಿದೆ. ಎಆರ್‌ಎನ್, ಏಪ್ರಿಲ್ 22ರ ದಿನಾಂಕ, ಏರ್‌ಲೈನ್‌ನ ಪತ್ರ, ಕ್ಲೋಸ್ ಆದ ಮೇಲ್, ಎಲ್ಲ ಜೊತೆಗಿದೆ. ಕ್ಯಾನ್ಸಲ್ಡ್ ಚೆಕ್ ಬಗ್ಗೆ ಒಂದು ಅನುಮಾನ. ಮನೆಯಲ್ಲಿ ಇರೋದು ನನ್ನ ಹಳೇ ಸಿಂಡಿಕೇಟ್ ಬ್ಯಾಂಕ್ ಚೆಕ್ ಪುಸ್ತಕ. ಖಾತೆ ಈಗಲೂ ನಡೀತಿದೆ. ನಡೆಯುತ್ತಾ?

ಮಣಿಪಾಲ_ಮೂರ್ತಿ

ಬೇಡ ಮೇಡಂ, ಅದನ್ನು ಕೊಡಬೇಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು. SYNB ಅಂತ ಶುರುವಾಗುವ ಐಎಫ್‌ಎಸ್‌ಸಿ 2021ರ ಜುಲೈನಿಂದ ನಡೆಯೋದಿಲ್ಲ. ಈಗ CNRB ಅಂತ ಶುರುವಾಗುವ ಕೋಡ್ ಬೇಕು. ನಮ್ಮ ಚಿಕ್ಕಪ್ಪ ಹಳೇ ಚೆಕ್ ಕೊಟ್ಟು ವಿಮೆ ಹಣ ತಡವಾಯಿತು. ಶಾಖೆಗೆ ಹೋಗಿ ಹೊಸ ಚೆಕ್ ಪುಸ್ತಕ ತಗೊಳ್ಳಿ, ಅಲ್ಲಿಯವರೆಗೆ ಹೊಸ ಕೋಡ್ ಇರುವ ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಮಾಡಿ ಕಳಿಸಿ. ವಿಜಯ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಖಾತೆ ಇದ್ದವರೂ ಇದನ್ನು ಒಮ್ಮೆ ನೋಡಿಕೊಳ್ಳಿ.

ಪುತ್ತೂರು_ಭಟ್

ವಿಜಯ ಬ್ಯಾಂಕ್ ಹೆಸರು ಕೇಳಿದರೆ ಈಗಲೂ ಮನಸ್ಸಿಗೆ ಬೇಜಾರು. ನಮ್ಮೂರಿನ ಅರ್ಧ ಜನರ ಮೊದಲ ಪಾಸ್‌ಬುಕ್ ಅಲ್ಲೇ.

ಮಣಿಪಾಲ_ಮೂರ್ತಿ

ಸಿಂಡಿಕೇಟ್ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ ಭಟ್ರೇ, ನಮಗೆ ಇನ್ನೂ ಜಾಸ್ತಿ ಬೇಜಾರು. ಇರಲಿ, ಇಲ್ಲಿ ಬೇರೆ ವಿಷಯ ನಡೀತಿದೆ.

ರಾತ್ರಿಪಾಳಿ

ಶಿಲ್ಪಾ ಅವರೇ, ಒಂದು ಎಚ್ಚರ. ಸಾಮಾಜಿಕ ಜಾಲತಾಣದಲ್ಲಿ ಏರ್‌ಲೈನ್ ಹೆಸರು ಹಾಕಿ ದೂರು ಬರೆದರೆ, ಸ್ವಲ್ಪ ಹೊತ್ತಿನಲ್ಲೇ "ರಿಫಂಡ್ ವಿಭಾಗ" ಅಂತ ಫೋನ್ ಬರುತ್ತೆ. ಕಾರ್ಡ್ ಕ್ಲೋಸ್ ಆಗಿರೋದರಿಂದ ಯುಪಿಐಗೆ ಹಾಕುತ್ತೇವೆ, ಪಿನ್ ಒತ್ತಿ ಅಂತಾರೆ. ಹಣ ಬರೋದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತೆ. ಮೊಬೈಲ್ ಪರದೆ ಅವರಿಗೆ ಕಾಣುವ ಆ್ಯಪ್ ಹಾಕಿಸುವವರೂ ಇದ್ದಾರೆ. ನಮ್ಮ ಆಫೀಸಿನ ಒಬ್ಬರು ಹೀಗೇ ಕಳಕೊಂಡರು. ಹಾಗೆ ಏನಾದರೂ ಆದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಕಾವ್ಯ_ಹಾಸನ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮ ತಂದೆ ಕಳೆದ ವರ್ಷ ತೀರಿಕೊಂಡರು. ಅವರ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಿ ಮುಚ್ಚಿಸಿದೆವು. ಅವರೇ ಬುಕ್ ಮಾಡಿದ್ದ ಯಾತ್ರೆಯ ಹಣ ಈಗ ಆ ಕಾರ್ಡ್‌ಗೆ ವಾಪಸ್ ಹೋಗಿದೆ ಅಂತ ಟೂರ್‌ನವರು ಹೇಳುತ್ತಿದ್ದಾರೆ. ಅಮ್ಮನ ಖಾತೆಗೆ ಹಾಕಿಸಬಹುದಾ?

ಕಾರ್ಡ್_ವಿಭಾಗ_ನಿವೃತ್ತ

ಕಾವ್ಯಾ, ಖಂಡಿತ ಕೇಳಿ. ಹಾದಿ ಅದೇ. ಮೊದಲು ಎಆರ್‌ಎನ್, ಆಮೇಲೆ ಬ್ಯಾಂಕಿನಿಂದ ಉತ್ತರ. ಬ್ಯಾಂಕಿನಲ್ಲಿದ್ದರೆ ಆ ಹಣ ವಾರಸುದಾರರಿಗೆ ಸೇರಿದ್ದು. ಮರಣ ಪ್ರಮಾಣ ಪತ್ರ, ಅಮ್ಮನ ಗುರುತಿನ ಪತ್ರ, ಕ್ಲೇಮ್ ಅರ್ಜಿ ಕೇಳುತ್ತಾರೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳಲೂಬಹುದು. ಇದು ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬೇರೆ. ಅಮ್ಮನನ್ನು ಅಲೆದಾಡಿಸಬೇಡಿ, ಬೇಕಾದ ಕಾಗದಗಳ ಪಟ್ಟಿಯನ್ನು ಮೊದಲೇ ಮೇಲ್‌ನಲ್ಲಿ ತರಿಸಿಕೊಳ್ಳಿ. ಟೂರ್‌ನವರಿಗೇ ಹಣ ಮರಳಿ ಬಂದಿದ್ದರೆ ಇನ್ನೂ ಸುಲಭ, ಅವರು ಅಮ್ಮನ ಹೆಸರಿಗೆ ನೇರವಾಗಿ ಕೊಡಬಹುದು.

ಕಾವ್ಯ_ಹಾಸನ

ಧನ್ಯವಾದ ಸರ್. ನಾಳೆಯೇ ಎಆರ್‌ಎನ್ ಕೇಳುತ್ತೇನೆ.

ಶಿಲ್ಪಾ_ದಾವಣಗೆರೆ

ಬ್ಯಾಂಕಿನಿಂದ ಉತ್ತರ ಬಂತು! ಏಪ್ರಿಲ್ 24ಕ್ಕೆ ₹38,640 ಅವರಿಗೆ ಮುಟ್ಟಿದೆ. ಕ್ಲೋಸ್ ಆದ ಕಾರ್ಡ್ ಖಾತೆಯಲ್ಲೇ ಜಮಾ ಬಾಕಿ ಅಂತ ಕೂತಿತ್ತು. ಸರ್ ಹೇಳಿದ ಹಾಗೇ. ಪಾಸ್‌ಬುಕ್ ಪುಟ ಕಳಿಸಿದೆ, ಇವತ್ತು ನೆಫ್ಟ್ ಬಂದಿದೆ. ಆದರೆ ಬಂದಿರೋದು ₹38,050. 590 ಕಡಿಮೆ ಇದೆ. ವಾರ್ಷಿಕ ಶುಲ್ಕ ಹೊಂದಿಸಿಕೊಂಡಿದ್ದೇವೆ ಅಂತ ಒಂದು ಸಾಲು ಬರೆದಿದ್ದಾರೆ.

ರಾಜು_ಹುಬ್ಳಿ

500 ಶುಲ್ಕ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90. ಕ್ಲೋಸ್ ಆದ ಕಾರ್ಡ್‌ಗೆ ಯಾವ ವಾರ್ಷಿಕ ಶುಲ್ಕ ರೀ? ಬಿಡಬೇಡಿ.

ತೀರ್ಥಹಳ್ಳಿ_ಮಳೆ

38 ಸಾವಿರ ಬಂತಲ್ಲ, 590ಕ್ಕೆ ಮತ್ತೆ ಮೇಲ್ ಬರೆಯುತ್ತಾ ಕೂರಬೇಕಾ?

ರಾಜು_ಹುಬ್ಳಿ

ಕೂರಬೇಕು. ಇವತ್ತು ಇವರ 590 ಬಿಟ್ಟರೆ ನಾಳೆ ಎಲ್ಲರಿಗೂ ಹೀಗೇ ಹಿಡಿಯುತ್ತಾರೆ.

ಕಾರ್ಡ್_ವಿಭಾಗ_ನಿವೃತ್ತ

ಶಿಲ್ಪಾ ಅವರೇ, ಒಳ್ಳೆಯದಾಯಿತು. 590ರ ವಿಷಯಕ್ಕೆ ಒಂದೇ ಒಂದು ಕಾಗದ ಬೇಕು. ಕ್ಲೋಸ್ ಆದ ತಿಂಗಳಿನಿಂದ ಇವತ್ತಿನವರೆಗಿನ ಆ ಕಾರ್ಡಿನ ಸ್ಟೇಟ್‌ಮೆಂಟ್ ಕೇಳಿ. ಶುಲ್ಕ ಯಾವ ದಿನ ಬಿದ್ದಿದೆ ಅಂತ ನೋಡಿ. ನೀವು ಕ್ಲೋಸ್ ಮಾಡಲು ಕೇಳಿದ ದಿನಕ್ಕಿಂತ ಮೊದಲು ಬಿದ್ದಿದ್ದರೆ ಅವರ ಮಾತಿಗೆ ಸ್ವಲ್ಪ ಬಲ ಇದೆ. ಆದರೆ ಆಗ ಬಾಕಿ ಇಲ್ಲ ಅಂತ ಕ್ಲೋಸ್ ಮಾಡಿದ್ದು ಹೇಗೆ ಅಂತ ನೀವೂ ಕೇಳಬಹುದು. ಕ್ಲೋಸ್ ಆದ ಮೇಲೆ ಬಿದ್ದಿದ್ದರೆ ಅದನ್ನು ವಾಪಸ್ ಹಾಕಿ ಅಂತ ಬರೆಯಿರಿ, ಕ್ಲೋಸ್ ಆದ ಮೇಲ್ ಜೊತೆಗಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ದುಡ್ಡು ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿ ಬ್ಯಾಂಕಿನ ಮೇಲೆ ಮಾತ್ರ ದೂರು. ಏರ್‌ಲೈನ್ ಮೇಲೆ ಆದರೆ ಏರ್‌ಸೇವಾ ಪೋರ್ಟಲ್, ಇಲ್ಲವೇ ಗ್ರಾಹಕ ಸಹಾಯವಾಣಿ 1915.

ನವೀನ_ತುಮಕೂರು

ಭಟ್ರೇ, ನೀವು ಹೇಳಿದ್ದು ಸರಿ. ಶೂ ಹಣ ಸ್ಟೇಟ್‌ಮೆಂಟ್‌ನಲ್ಲಿ ಜಮಾ ಆಗಿದೆ. ಇನ್ನೊಂದು ಕೇಳ್ತೀನಿ. ನಾನು ಇಎಂಐ ಮಾಡಿಸಿದ್ದೆ, ರಿಫಂಡ್ ಬಂದರೂ ಈ ತಿಂಗಳ ಕಂತು ಬಿದ್ದಿದೆಯಲ್ಲ?

ಕಾರ್ಡ್_ವಿಭಾಗ_ನಿವೃತ್ತ

ರಿಫಂಡ್ ಬಂದ ಮಾತ್ರಕ್ಕೆ ಇಎಂಐ ತಾನಾಗಿ ನಿಲ್ಲುತ್ತೆ ಅಂತ ನಂಬಿ ಕೂರಬೇಡಿ. ಬ್ಯಾಂಕ್‌ಗೆ ಹೇಳಿ ರದ್ದು ಮಾಡಿಸಿ. ಅದಕ್ಕೆ ಮೊದಲು ಕಾರ್ಡ್ ಮಾತ್ರ ಕ್ಲೋಸ್ ಮಾಡಬೇಡಿ.

ಶಿಲ್ಪಾ_ದಾವಣಗೆರೆ

ಸ್ಟೇಟ್‌ಮೆಂಟ್ ಬಂತು. ಕ್ಲೋಸ್ ಆದ ಮೇಲ್ ಮಾರ್ಚ್ 18ರದ್ದು. ಶುಲ್ಕ ಬಿದ್ದಿರೋದು ಏಪ್ರಿಲ್ 2ಕ್ಕೆ. ಎರಡನ್ನೂ ಸೇರಿಸಿ ನೋಡಲ್ ಅಧಿಕಾರಿಗೆ ಈಗ ತಾನೇ ಮೇಲ್ ಹಾಕಿದೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ರಾಜು_ಹುಬ್ಳಿ

ಅದರ ಜೊತೆ ದಿನಕ್ಕೆ 100 ಕೂಡ ಕೇಳಬೇಕಿತ್ತು ಮೇಡಂ.